ಹಳೆಯ ಯಂತ್ರದ ಲೆಕ್ಕ

ಅಣ್ಣತಮ್ಮಂದಿರಿಬ್ಬರು ಪಾಲುದಾರರಾಗಿ ಒಂದು ಮುದ್ರಣಾಲಯ ನಡೆಸುತ್ತಾರೆಂದು ಇಟ್ಟುಕೊಳ್ಳೋಣ. ಅಲ್ಲಿನ ಹಳೆಯ ಯಂತ್ರದ ಬೆಲೆ ಲೆಕ್ಕಪುಸ್ತಕದಲ್ಲಿ 3 ಲಕ್ಷ ರೂಪಾಯಿ. ಮಾರಿದರೆ ಬರುವುದು 1 ಲಕ್ಷ. ಹೊಸದಕ್ಕೆ 6 ಲಕ್ಷ. ಹೊಸ ಯಂತ್ರ ತಂದರೆ ದುರಸ್ತಿ, ವಿದ್ಯುತ್ತು, ಹಾಳಾಗುವ ಕಾಗದ ಎಲ್ಲ ಸೇರಿ ವರ್ಷಕ್ಕೆ ಒಂದೂವರೆ ಲಕ್ಷ ಉಳಿಯುತ್ತದೆ. ಎರಡೂ ಇನ್ನೈದು ವರ್ಷ ನಡೆದು, ಕೊನೆಗೆ ಗುಜರಿಯ ಬೆಲೆಯೂ ಬಾರದೆನ್ನೋಣ.

ಅಣ್ಣ, "ಮಾರಿದರೆ 2 ಲಕ್ಷ ನಷ್ಟ, ಬೇಡ" ಎನ್ನುತ್ತಾನೆ. ಆದರೆ ಆ ಹಣ ಹೋದದ್ದು ಯಂತ್ರ ಕೊಂಡ ದಿನ. ಇಟ್ಟುಕೊಂಡರೂ ಅದು ಮರಳಿ ಬಾರದು.

ತಮ್ಮ ಬಿ.ಕಾಂ. ಓದಿದವನು. "ಆ ನಷ್ಟಕ್ಕೆ ಶೇಕಡಾ 30ರಂತೆ 60,000 ತೆರಿಗೆ ಉಳಿಯುತ್ತದೆ, ಕೈಯಿಂದ ಹಾಕಬೇಕಾದ್ದು 4,40,000 ಮಾತ್ರ" ಎನ್ನುತ್ತಾನೆ. ತೆರಿಗೆ ಕಳೆದ ಉಳಿತಾಯ ವರ್ಷಕ್ಕೆ 1,05,000. ಸವಕಳಿ ಹೊಸದಕ್ಕೆ 1,20,000, ಹಳೆಯದಕ್ಕೆ 60,000. ಹೆಚ್ಚಾದ 60,000ಕ್ಕೆ ಮಾತ್ರ ತೆರಿಗೆ ಉಳಿತಾಯ 18,000. ಒಟ್ಟು 1,23,000. ಶೇಕಡಾ 12ರ ಬಡ್ಡಿ ಹಿಡಿದರೆ, ಐದು ವರ್ಷ ವರ್ಷಾಂತ್ಯಕ್ಕೆ ಒಂದೊಂದು ರೂಪಾಯಿ ಬರುವುದರ ಇಂದಿನ ಬೆಲೆ ಸುಮಾರು 3 ರೂಪಾಯಿ 60 ಪೈಸೆ. ಆ ಲೆಕ್ಕದಲ್ಲಿ 4,42,800 ಬಂತು. ಕೊಳ್ಳಬಹುದು!

ಪಠ್ಯಪುಸ್ತಕದ ಮಟ್ಟಿಗೆ ಇದು ಸರಿ. ನಮ್ಮ ದೇಶದ ತೆರಿಗೆಯ ಕ್ರಮವೇ ಬೇರೆ. 1988ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲಿ ಬಿಡಿ ಯಂತ್ರಕ್ಕೆ ಲೆಕ್ಕವಿಲ್ಲ. ಒಂದೇ ದರದ ಯಂತ್ರಗಳೆಲ್ಲ ಒಂದು ಬ್ಲಾಕ್. ಮಾರಿದ 1 ಲಕ್ಷ ಅದರಿಂದ ಕಳೆಯುತ್ತದೆ, ಕೊಂಡ 6 ಲಕ್ಷ ಸೇರುತ್ತದೆ. ನಷ್ಟವೆಂದು ಬೇರೆ ಬರೆಯುವ ಹಾಗಿಲ್ಲ. ಉಳಿದ ಮೊತ್ತದ ಮೇಲೆ ವರ್ಷವರ್ಷ ಶೇಕಡಾ 15 ಸವಕಳಿ ಸಿಗುತ್ತದೆ. 60,000 ಒಮ್ಮೆಗೇ ಕೈಸೇರದೆ, ತೊಟ್ಟುತೊಟ್ಟಾಗಿ ಬರುತ್ತದೆ.

ಹಾಗಾದರೆ ಲೆಕ್ಕ ಇನ್ನೂ ಸುಲಭ. ಕೈಯಿಂದ ಹೋಗುವುದು 5 ಲಕ್ಷ. ಬ್ಲಾಕಿಗೆ ಹೆಚ್ಚುವುದೂ 5 ಲಕ್ಷ. ಆ ಸವಕಳಿಯಿಂದ ಮುಂದೆಲ್ಲ ಉಳಿಯುವ ತೆರಿಗೆಯ ಇಂದಿನ ಬೆಲೆ ಸುಮಾರು 83,000. ಉಳಿತಾಯದ ಇಂದಿನ ಬೆಲೆ 3,78,000. ಕೂಡಿದರೆ 4,61,000, 39,000 ಕಡಮೆ ಬಿತ್ತು. ಪುಸ್ತಕದ ಆ 3 ಲಕ್ಷ ಎಲ್ಲಿಯೂ ಬರಲೇ ಇಲ್ಲ, ನೋಡಿದಿರಾ?

ಎರಡು ಎಚ್ಚರಿಕೆಗಳುಂಟು. ಹೊಸ ಯಂತ್ರ ಕೊಂಡ ವರ್ಷ 180 ದಿನಕ್ಕಿಂತ ಕಡಮೆ ನಡೆದರೆ ಆ ವರ್ಷ ಅದಕ್ಕೆ ಅರ್ಧ ಸವಕಳಿಯೇ. ಬ್ಲಾಕಿನ ಯಂತ್ರಗಳನ್ನೆಲ್ಲ ಮಾರಿ ಮುಗಿಸಿದರೆ ನಷ್ಟ ಬರೆಯಬಹುದು. ಆದರೆ ಅದು ಬಂಡವಾಳ ನಷ್ಟ, ವ್ಯಾಪಾರದ ಲಾಭದಿಂದ ಕಳೆಯಲು ಬಾರದು.

ಅಣ್ಣತಮ್ಮಂದಿರು ವಾದಿಸಬೇಕಾದದ್ದು ನಷ್ಟವನ್ನಲ್ಲ, ವರ್ಷದ ಉಳಿತಾಯವನ್ನು. ಅದು 1,66,000 ಮುಟ್ಟುವುದೆಂದು ದುರಸ್ತಿಯ ರಸೀತಿಗಳೂ ಕಾಗದದ ಲೆಕ್ಕವೂ ತೋರಿಸಿದರೆ ಕೊಳ್ಳಲಿ. ಇಲ್ಲವಾದರೆ ಹಳೆಯದೇ ಓಡಲಿ.