ಇಸವಿ ಉರು ಹೊಡೆಯೋದು ಬಿಡಿ, ಗೂಟ ಹೊಡೆಯಿರಿ

ಕ್ವಿಜ್‌ಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ "ಕೆಳಗಿನ ಘಟನೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ" ಅನ್ನೋ ಪ್ರಶ್ನೆ ಬಂದ ಕೂಡಲೇ ಅರ್ಧ ಜನ ಮುಖ ಕಿವುಚುತ್ತಾರೆ. ನನ್ನ ಪ್ರಕಾರ ಇತಿಹಾಸದ ಪ್ರಶ್ನೆಗಳಲ್ಲಿ ಸ್ವಲ್ಪ ಮರ್ಯಾದೆ ಇರುವ ಪ್ರಶ್ನೆ ಇದೊಂದೇ. ತೊಂದರೆ ಇರೋದು ನಾವು ಓದುವ ರೀತಿಯಲ್ಲಿ. ನಲವತ್ತು ಇಸವಿಗಳ ಪಟ್ಟಿ ಬರೆದುಕೊಂಡು ಮಗ್ಗಿಯ ಥರ ಉರು ಹೊಡೆಯುತ್ತೇವೆ. ಪರೀಕ್ಷೆಯ ದಿನ 1931 ಹೋಗಿ 1929 ಆಗಿರುತ್ತದೆ, ನೆಗೆಟಿವ್ ಮಾರ್ಕ್ಸ್ ಬೇರೆ!

ಅದರ ಬದಲು ಎರಡು ಮೂರು ಇಸವಿಗಳನ್ನು ಗೂಟದ ಹಾಗೆ ಗಟ್ಟಿಯಾಗಿ ನೆಟ್ಟುಕೊಂಡು, ಉಳಿದದ್ದನ್ನು "ಯಾವುದರಿಂದ ಯಾವುದು ಆಯಿತು" ಅನ್ನೋ ಹಗ್ಗದಲ್ಲಿ ಕಟ್ಟಿದರೆ ಸಾಕು. ಪ್ರಶ್ನೆ ತಯಾರಿಸುವವರಿಗೆ ಬಹಳ ಪ್ರಿಯವಾದ 1928ರಿಂದ 1932ರ ಅವಧಿಯನ್ನೇ ತೆಗೆದುಕೊಳ್ಳೋಣ. ಇಲ್ಲಿ ನನ್ನ ಗೂಟಗಳು ಮೂರು. 1928ರ ಫೆಬ್ರವರಿಯಲ್ಲಿ ಸೈಮನ್ ಆಯೋಗ ಬಂದದ್ದು, 1930ರ ಮಾರ್ಚಿಯಲ್ಲಿ ದಂಡಿಯಾತ್ರೆ ಹೊರಟದ್ದು, 1932ರ ಸೆಪ್ಟೆಂಬರ್‌ನ ಪುಣೆ ಒಪ್ಪಂದ.

ಈಗ ಪ್ರಶ್ನೆ ಹೀಗಿದೆ ಅಂದುಕೊಳ್ಳಿ:

ಅ) ಪುಣೆ ಒಪ್ಪಂದ
ಆ) ನೆಹರೂ ವರದಿ
ಇ) ಗಾಂಧಿ-ಇರ್ವಿನ್ ಒಪ್ಪಂದ
ಈ) ಪೂರ್ಣ ಸ್ವರಾಜ್ಯದ ಲಾಹೋರ್ ಅಧಿವೇಶನ

'ಅ' ನಮ್ಮ ಗೂಟವೇ, 1932. ನೆಹರೂ ವರದಿ ಅಂದರೆ ಮೋತಿಲಾಲರದ್ದು, ಜವಾಹರಲಾಲರದ್ದಲ್ಲ. ಒಬ್ಬ ಭಾರತೀಯನೂ ಇಲ್ಲದ ಸೈಮನ್ ಆಯೋಗಕ್ಕೆ ಉತ್ತರವಾಗಿ "ನಮ್ಮ ಸಂವಿಧಾನ ನಾವೇ ಬರೆಯುತ್ತೇವೆ" ಎಂದು ತಯಾರಾದದ್ದು ಅದು. ಹಾಗಾಗಿ ಮೊದಲ ಗೂಟದ ಪಕ್ಕದಲ್ಲೇ ಅದರ ಜಾಗ. ಅದರಲ್ಲಿ ಕೇಳಿದ್ದು ಡೊಮಿನಿಯನ್ ಸ್ಥಾನಮಾನ. ಅದನ್ನು ಒಪ್ಪಲು ಕಾಂಗ್ರೆಸ್ ಬ್ರಿಟಿಷರಿಗೆ ಒಂದು ವರ್ಷದ ಗಡುವು ಕೊಟ್ಟಿತು. ಗಡುವು ಮುಗಿದ ಮೇಲೆ ಲಾಹೋರಿನಲ್ಲಿ ಪೂರ್ಣ ಸ್ವರಾಜ್ಯದ ನಿರ್ಣಯವಾಯಿತು. ನಿರ್ಣಯ ಮಾಡಿದ ಮೇಲೆ ಹೋರಾಟ ಬೇಕಲ್ಲ, ಅದೇ ದಂಡಿ. ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೆ ಹೋದವರನ್ನು ಬಿಡಿಸಿದ್ದು ಗಾಂಧಿ-ಇರ್ವಿನ್ ಒಪ್ಪಂದ, ಅಂದಮೇಲೆ ಅದು ದಂಡಿಯ ನಂತರವೇ ಆಗಬೇಕು. ಉತ್ತರ ಆ, ಈ, ಇ, ಅ. ಲಾಹೋರಿನ ಇಸವಿಯನ್ನಾಗಲಿ ಇರ್ವಿನ್ ಒಪ್ಪಂದದ ಇಸವಿಯನ್ನಾಗಲಿ ನಾವು ನೆನಪಿಸಿಕೊಳ್ಳಲೇ ಇಲ್ಲ ನೋಡಿ :)

ಎರಡು ಘಟನೆ ಒಂದೇ ತಿಂಗಳಲ್ಲಿದ್ದರೆ? ಆಗಲೇ ಈ ಹಗ್ಗದ ನಿಜವಾದ ಉಪಯೋಗ. ಗಾಂಧಿ-ಇರ್ವಿನ್ ಒಪ್ಪಂದ, ಭಗತ್ ಸಿಂಗರ ಗಲ್ಲು, ಕರಾಚಿ ಅಧಿವೇಶನ ಮೂರೂ 1931ರ ಮಾರ್ಚಿಯವು. ಇಸವಿಯ ಪಟ್ಟಿ ಇಲ್ಲಿ ಕೈ ಕೊಡುತ್ತದೆ. ಆದರೆ ಕರಾಚಿಗೆ ಹೊರಟ ಗಾಂಧೀಜಿಗೆ ಯುವಕರು ಕಪ್ಪು ಬಾವುಟ ತೋರಿಸಿದ್ದು ಯಾಕೆ? ಒಪ್ಪಂದ ಮಾಡಿಕೊಂಡೂ ಭಗತ್ ಸಿಂಗರನ್ನು ಉಳಿಸಲಿಲ್ಲ ಎಂಬ ಸಿಟ್ಟಿಗೆ. ಈ ಒಂದು ವಾಕ್ಯದಲ್ಲೇ ಕ್ರಮ ಸಿಕ್ಕಿಬಿಟ್ಟಿತು: ಮೊದಲು ಒಪ್ಪಂದ, ಆಮೇಲೆ ಗಲ್ಲು, ಕೊನೆಗೆ ಕರಾಚಿ.

ಒಂದು ಎಚ್ಚರಿಕೆ. ಗೂಟ ನೆಡುವಾಗ ಘಟನೆಯ ಯಾವ ತುದಿಗೆ ನೆಡುತ್ತಿದ್ದೇವೆ ಅನ್ನೋದು ಗೊತ್ತಿರಬೇಕು. ಸೈಮನ್ ಆಯೋಗ ನೇಮಕವಾದದ್ದು 1927ರಲ್ಲಿ, ಬಂದಿಳಿದದ್ದು 1928ರಲ್ಲಿ, ವರದಿ ಪ್ರಕಟವಾದದ್ದು 1930ರಲ್ಲಿ, ಅದೂ ದಂಡಿಯಾತ್ರೆ ಮುಗಿದ ಮೇಲೆ. ಪ್ರಶ್ನೆಯಲ್ಲಿ "ಸೈಮನ್ ಆಯೋಗದ ಆಗಮನ" ಅಂತಿದ್ದರೆ ಅದು ನೆಹರೂ ವರದಿಗಿಂತ ಮೊದಲು. "ಸೈಮನ್ ವರದಿ" ಅಂತಿದ್ದರೆ ಅದು ದಂಡಿಯಿಂದಾಚೆ. ಒಂದು ಪದಕ್ಕೆ ಇಡೀ ಸಾಲು ತಲೆಕೆಳಗಾಗುತ್ತದೆ. ಸೈಮನ್ ಹೆಸರು ಕಂಡ ಕೂಡಲೇ 1928 ಅಂದುಕೊಂಡವರು ಇಲ್ಲೇ ಜಾರುವುದು.

ಪ್ರಶ್ನೆ ತಯಾರಿಸುವವರಿಗೂ ಒಂದು ಮಾತು ಹೇಳಬೇಕು. ಮೊದಲನೇ ದುಂಡುಮೇಜಿನ ಸಮ್ಮೇಳನ ಶುರುವಾದದ್ದೂ 1930ರಲ್ಲಿ, ಸಿ. ವಿ. ರಾಮನ್‌ಗೆ ನೊಬೆಲ್ ಬಂದದ್ದೂ 1930ರಲ್ಲಿ. ಇವೆರಡರಲ್ಲಿ ಯಾವುದು ಮೊದಲು ಅಂತ ಕೇಳಿದರೆ ಅದು ಇತಿಹಾಸದ ಪ್ರಶ್ನೆಯಲ್ಲ, ಕ್ಯಾಲೆಂಡರಿನ ಪ್ರಶ್ನೆ. ಒಂದಕ್ಕೊಂದು ಸಂಬಂಧವೇ ಇಲ್ಲದಿರುವಾಗ ಯೋಚಿಸಿ ಉತ್ತರ ಹುಡುಕುವ ದಾರಿಯೇ ಇರುವುದಿಲ್ಲ, ಉರು ಹೊಡೆದವನಷ್ಟೇ ಗೆಲ್ಲುತ್ತಾನೆ. ಅದೇ ಮೊದಲನೇ ಮತ್ತು ಎರಡನೇ ದುಂಡುಮೇಜಿನ ನಡುವೆ ಗಾಂಧಿ-ಇರ್ವಿನ್ ಒಪ್ಪಂದ ಎಲ್ಲಿ ಬರುತ್ತದೆ ಅಂತ ಕೇಳಿ ನೋಡಿ. ಮೊದಲನೆಯದಕ್ಕೆ ಕಾಂಗ್ರೆಸ್ ಯಾಕೆ ಹೋಗಲಿಲ್ಲ, ಎರಡನೆಯದಕ್ಕೆ ಗಾಂಧೀಜಿ ಯಾಕೆ ಹೋದರು ಅನ್ನೋದು ಗೊತ್ತಿದ್ದವನಿಗೆ ಉತ್ತರ ತಾನಾಗಿಯೇ ಸಿಗುತ್ತದೆ. ನನಗಂತೂ ಅಂಥ ಪ್ರಶ್ನೆ ತಪ್ಪಾದರೂ ಬೇಜಾರಾಗುವುದಿಲ್ಲ.

ಅಂದಹಾಗೆ, ನಿಮ್ಮ ಗೂಟಗಳು ಯಾವುವು?