ಭಾಷೆಯ ಕಿಟಕಿ: ಪರೀಕ್ಷೆ ಬರೆದಳೋ, ಪಾಸಾದಳೋ?



ವೈದ್ಯಕೀಯ ಓದಲೆಂದು ರಷ್ಯಾಕ್ಕೆ ಹೋಗುವ ನಮ್ಮ ಮಕ್ಕಳು ಪಾಠವನ್ನು ಇಂಗ್ಲಿಷಿನಲ್ಲಿ ಕೇಳಿದರೂ ಆಸ್ಪತ್ರೆಯಲ್ಲಿ ರೋಗಿಯ ಮಂಚದ ಬಳಿ ನಿಂತಾಗ ರಷ್ಯನ್ ಭಾಷೆಯನ್ನೇ ಆಡಬೇಕಾಗುತ್ತದೆ. ಅಕ್ಷರಮಾಲೆ ಮತ್ತು ವಿಭಕ್ತಿಗಳನ್ನು ದಾಟಿ ಬಂದವರನ್ನೂ ಕಾಡುವ ವಿಷಯವೊಂದಿದೆ. ಅಲ್ಲಿ ಹೆಚ್ಚಿನ ಕ್ರಿಯಾಪದಗಳು ಒಂಟಿಯಾಗಿರುವುದಿಲ್ಲ, ಜೋಡಿಯಾಗಿರುತ್ತವೆ. ಒಂದು ಅಪೂರ್ಣ ರೂಪ, ಇನ್ನೊಂದು ಪೂರ್ಣ ರೂಪ. ನಿಮ್ಮ ಮನೆಯಲ್ಲಿ ಯಾರಾದರೂ ಇದನ್ನು ಕಲಿಯುತ್ತಿದ್ದರೆ ಈ ಪುಟವನ್ನು ಅವರ ಕೈಗೂ ಕೊಡಿ.

'ಓದು' ಎಂಬುದಕ್ಕೆ ಅವರಲ್ಲಿ 'ಚಿತಾತ್' ಮತ್ತು 'ಪ್ರಚಿತಾತ್' ಎಂಬ ಜೋಡಿಯಿದೆ. ಇಲ್ಲಿ ಮುಂದೆ ಒಂದು ಉಪಸರ್ಗ ಸೇರಿದೆ. ಕೆಲವು ಜೋಡಿಗಳಲ್ಲಿ ನಡುವಿನ ಅಕ್ಷರ ಬದಲಾಗುತ್ತದೆ. 'ತೆಗೆದುಕೊಳ್ಳು' ಎನ್ನುವ 'ಬ್ರಾತ್' ಮತ್ತು 'ವ್ಜ್ಯಾತ್' ಜೋಡಿಗೆ ನೋಟದಲ್ಲಿ ಸಂಬಂಧವೇ ಇಲ್ಲ. ಅಂಥವನ್ನು ಬಾಯಿಪಾಠ ಮಾಡುವುದೊಂದೇ ದಾರಿ.

ರೂಪ ಕಲಿಯುವುದು ಅಷ್ಟು ಕಷ್ಟವಲ್ಲ, ಆರಿಸುವುದು ಕಷ್ಟ. ಕನ್ನಡದವರು ಸಾಮಾನ್ಯವಾಗಿ 'ಓದುತ್ತಿದ್ದೆ' ಎಂದರೆ ಅಪೂರ್ಣ, 'ಓದಿದೆ' ಎಂದರೆ ಪೂರ್ಣ ಎಂದು ಲೆಕ್ಕ ಹಾಕುತ್ತಾರೆ. ಅರ್ಧ ದಾರಿಯವರೆಗೆ ಈ ಲೆಕ್ಕ ಸರಿಯೇ. ಆದರೆ 'ನೀನು ಈ ಪುಸ್ತಕ ಓದಿದ್ದೀಯಾ?' ಎಂದು ಸುಮ್ಮನೆ ಕೇಳುವಾಗ ರಷ್ಯನ್ನರು ಅಪೂರ್ಣ ರೂಪವಾದ 'ಚಿತಾಲ್' ಬಳಸುತ್ತಾರೆ. ಓದು ಮುಗಿದಿರಬಹುದು. ಆದರೂ ಅಂಥದ್ದೊಂದು ಕೆಲಸ ನಡೆದಿದೆಯೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ. 'ಪ್ರಚಿತಾಲ್' ಎಂದು ಕೇಳಿದರೆ, ಓದಬೇಕೆಂದಿದ್ದ ಆ ಪುಸ್ತಕ ಓದಿ ಮುಗಿಸಿದೆಯಾ ಎಂದಾಗುತ್ತದೆ. 'ಬಹಳ ಹೊತ್ತು', 'ಆಗಾಗ', 'ಕೊನೆಗೂ' ಮುಂತಾದ ಸುಳಿವಿನ ಪದಗಳನ್ನು ನೋಡಿ ರೂಪ ಆರಿಸಿ ಎಂದು ಪಠ್ಯಪುಸ್ತಕಗಳು ಕಲಿಸುತ್ತವೆ. ಇಂಥ ಪ್ರಶ್ನೆಯಲ್ಲಿ ಅಂಥ ಪದವೇ ಇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಆ ಪಟ್ಟಿಗಳನ್ನೇ ನಂಬಿ ಕೂತವರು ಮುಂದೆ ಹೋಗುವುದು ನಿಧಾನ.

ಅದಕ್ಕಿಂತ ನಮ್ಮ ಮನೆಮಾತನ್ನೇ ನೋಡಿ. 'ಮಾವ ಬಂದಿದ್ದರು' ಎಂದರೆ ಬಂದು ಹೋದರು, ಈಗ ಮನೆಯಲ್ಲಿಲ್ಲ. 'ಮಾವ ಬಂದಿದ್ದಾರೆ' ಎಂದರೆ ಒಳಗೆ ಕೂತಿದ್ದಾರೆ, ಚಹಾಕ್ಕೆ ನೀರಿಡಬೇಕು. ಇದೇ ವ್ಯತ್ಯಾಸವನ್ನು ರಷ್ಯನ್ ಭಾಷೆ ಜೋಡಿಯಿಂದ ತೋರಿಸುತ್ತದೆ. 'ಪ್ರಿಖದೀಲ್' ಎಂಬ ಅಪೂರ್ಣ ರೂಪ ಬಂದು ಹೋದವನಿಗೆ, 'ಪ್ರಿಶೋಲ್' ಎಂಬ ಪೂರ್ಣ ರೂಪ ಬಂದು ಇಲ್ಲೇ ಇರುವವನಿಗೆ. ಕಿಟಕಿಯ ಮಾತೂ ಹಾಗೆಯೇ. 'ಅತ್ಕ್ರಿಲ್' ಎಂದರೆ ತೆರೆದ, ಸಾಮಾನ್ಯವಾಗಿ ಈಗಲೂ ತೆರೆದೇ ಇದೆ. ಕಿಟಕಿ ಮುಚ್ಚಿದ್ದರೂ ಕೋಣೆ ತಣ್ಣಗಿದ್ದರೆ, ಯಾರು ತೆರೆದಿದ್ದರು ಎಂದು ಕೇಳಲು 'ಅತ್ಕ್ರಿವಾಲ್' ಬರುತ್ತದೆ. ಆದ್ದರಿಂದ ಕೆಲಸ ಮುಗಿಯಿತೇ ಎಂದು ಕೇಳಿಕೊಳ್ಳುವುದಕ್ಕಿಂತ, ಅದರ ಫಲ ಈಗ ಉಳಿದಿದೆಯೇ, ನಾನು ಹೇಳಹೊರಟದ್ದು ಆ ಫಲವನ್ನೇ ಎಂದು ಕೇಳಿಕೊಂಡರೆ ಉತ್ತರ ಬೇಗ ಸಿಗುತ್ತದೆ.

ಎಲ್ಲ ಪದಗಳಿಗೂ ಈ 'ಬಂದು ಹೋದ' ಅರ್ಥ ಹೊಂದುವುದಿಲ್ಲ. ಬರುವುದು, ತೆರೆಯುವುದು, ತೆಗೆದುಕೊಳ್ಳುವುದು ಮೊದಲಾದ ಹಿಂದಕ್ಕೆ ತಿರುಗಿಸಬಹುದಾದ ಕೆಲಸಗಳಿಗೆ ಮಾತ್ರ. ಪರೀಕ್ಷೆಯ ವಿಷಯಕ್ಕೆ ಬಂದರೆ ಜೋಡಿ ಬೇರೆ ಆಟ ಆಡುತ್ತದೆ. 'ಸ್ದವಾಲ' ಎಂಬ ಅಪೂರ್ಣ ರೂಪಕ್ಕೆ ಹುಡುಗಿ ಪರೀಕ್ಷೆಗೆ ಕೂತಳು ಎಂದಷ್ಟೇ ಅರ್ಥ. 'ಸ್ದಲಾ' ಎಂಬ ಪೂರ್ಣ ರೂಪಕ್ಕೆ ಪಾಸಾದಳು ಎಂದರ್ಥ. ಅಪೂರ್ಣ ರೂಪ ಪ್ರಯತ್ನವನ್ನು ಹೇಳಿದರೆ ಪೂರ್ಣ ರೂಪ ಗೆಲುವನ್ನು ಹೇಳುತ್ತದೆ. 'ಇಲ್ಲ' ಎನ್ನುವ 'ನೆ' ಮುಂದೆ ಬಂದಾಗ ಇನ್ನಷ್ಟು ಎಚ್ಚರ ಬೇಕು. 'ನೆ ಸ್ದವಾಲ' ಎಂದರೆ ಪರೀಕ್ಷೆಗೆ ಕೂತೇ ಇಲ್ಲ. 'ನೆ ಸ್ದಲಾ' ಎಂದರೆ ಸಾಮಾನ್ಯವಾಗಿ ಫೇಲಾದಳು ಎಂದೇ ಕೇಳುವವರು ತಿಳಿಯುತ್ತಾರೆ. ಪರೀಕ್ಷೆ ಮುಂದಕ್ಕೆ ಹೋಗಿದೆ ಎಂದು ಹೇಳಹೊರಟ ಹುಡುಗಿ ಒಂದು ಅಕ್ಷರ ನುಂಗಿದರೆ ಹಾಸ್ಟೆಲಿನಲ್ಲಿ ಬೇರೆಯೇ ಸುದ್ದಿ ಹಬ್ಬುತ್ತದೆ!

ಈಗ ಆಸ್ಪತ್ರೆಗೆ ಬನ್ನಿ. ಜ್ವರದ ರೋಗಿಯೊಬ್ಬರು ದಾಖಲಾಗಿದ್ದಾರೆ. ಇಲ್ಲಿಗೆ ಬರುವ ಮೊದಲು ಆ್ಯಂಟಿಬಯಾಟಿಕ್ ಏನಾದರೂ ತೆಗೆದುಕೊಂಡಿದ್ದರೇ ಎಂದು ತಿಳಿಯಬೇಕು. ಆಗ ಅಪೂರ್ಣ ರೂಪದಲ್ಲಿ 'ಪ್ರಿನಿಮಾಲಿ?' ಎಂದು ಕೇಳಬೇಕು. ಯಾವ ಮಾತ್ರೆ, ಎಷ್ಟು ದಿನ ಎಂದು ರೋಗಿ ವಿವರಿಸತೊಡಗುತ್ತಾರೆ. ಮರುದಿನ ಬೆಳಿಗ್ಗೆ ನರ್ಸ್ ಮಾತ್ರೆ ಕೊಟ್ಟು ಹೋಗಿದ್ದಾರೆ, ಅದನ್ನು ನುಂಗಿದರೋ ಎಂದು ನೋಡಬೇಕು. ಆಗ ಪೂರ್ಣ ರೂಪದ 'ಪ್ರೀನ್ಯಲಿ?' ಬೇಕು. ಮೊದಲ ದಿನವೇ ಪೂರ್ಣ ರೂಪ ಬಳಸಿದರೆ 'ಯಾವ ಮಾತ್ರೆ? ನನಗೆ ಯಾರೂ ಕೊಟ್ಟಿಲ್ಲವಲ್ಲ' ಎಂದು ರೋಗಿ ಗಾಬರಿಯಾಗಬಹುದು. ಮನೆಯಲ್ಲಿ ನಾಲ್ಕು ದಿನ ನುಂಗಿದ ಔಷಧಿಯ ಮಾತು ಆಗ ಹೊರಗೆ ಬರದೆಯೂ ಹೋಗಬಹುದು.