ಫೋಟೋ ನೋಡದೆ ‘ನೋಡಿದ್ದೇವೆ’ ಅನ್ನುವ ಉತ್ತರ ಬೇಡ

ತಾಲ್ಲೂಕು ಕೇಂದ್ರಗಳ ಗೊಬ್ಬರ, ಔಷಧಿ ಅಂಗಡಿಗಳು ಈಗ ವಾಟ್ಸಾಪ್ ಬಿಸಿನೆಸ್ ನಂಬರ್ ಇಟ್ಟುಕೊಂಡಿವೆ. ಮೆಸೇಜ್ ಹಾಕಿದರೆ ತಾನಾಗೇ ಒಂದು ಉತ್ತರ ಬರುತ್ತದೆ. ರೇಟು ಕೇಳಿದವರಿಗೆ ಇದು ಅನುಕೂಲ. ತೊಂದರೆ ಇರುವುದು ಫೋಟೋ ಕಳಿಸಿದವರಿಗೆ, ಮತ್ತು ರೈತರು ಹೆಚ್ಚಾಗಿ ಕಳಿಸುವುದು ಫೋಟೋಗಳನ್ನೇ.

ಒಂದು ಉದಾಹರಣೆ ನೋಡೋಣ. ರಾತ್ರಿ ಎಂಟಕ್ಕೆ ಒಬ್ಬ ರೈತ ಮುಟುರಿಕೊಂಡ ಮೆಣಸಿನ ಎಲೆಯ ಫೋಟೋ ಕಳಿಸುತ್ತಾನೆ. ಕೂಡಲೇ ಉತ್ತರ: ‘ಧನ್ಯವಾದಗಳು. ನಿಮ್ಮ ಸಂದೇಶ ತಲುಪಿದೆ, ಶೀಘ್ರದಲ್ಲೇ ಪರಿಹಾರ ತಿಳಿಸುತ್ತೇವೆ.’ ಅಂಗಡಿಯವರು ಎಲೆ ನೋಡಿದ್ದಾರೆ ಎಂದು ರೈತ ನಂಬುತ್ತಾನೆ. ಆದರೆ ಆ ಫೋಟೋ ಯಾರೂ ತೆರೆದಿಲ್ಲ. ಬೆಳಿಗ್ಗೆಯಿಡೀ ಕಾದು, ಬೇಸತ್ತು, ಮನೆಯಲ್ಲಿ ಉಳಿದಿದ್ದ ಯಾವುದೋ ಔಷಧಿ ಹೊಡೆಯುತ್ತಾನೆ.

ಇಲ್ಲಿ ನಷ್ಟ ಸಣ್ಣದಲ್ಲ. ಮೆಣಸಿನ ಎಲೆ ಮೇಲ್ಮುಖವಾಗಿ ದೋಣಿಯಂತೆ ಮುಟುರಿದರೆ ಸಾಮಾನ್ಯವಾಗಿ ಥ್ರಿಪ್ಸ್ ನುಸಿ ಕಾರಣ. ಕೆಳಮುಖವಾಗಿ ಮಡಚಿದರೆ ಮೈಟ್ ನುಸಿ. ಒಂದೊಂದು ಸಲ ಎರಡೂ ಸೇರಿರುತ್ತವೆ. ಥ್ರಿಪ್ಸ್‌ಗೆ ಹೊಡೆಯುವ ಎಷ್ಟೋ ಔಷಧಿಗಳು ಮೈಟ್‌ಗೆ ನಾಟುವುದಿಲ್ಲ. ಎರಡೂ ಎಲೆಯ ಅಡಿಯಲ್ಲಿ ಕೂರುವುದರಿಂದ ಮೇಲಿಂದ ತೆಗೆದ ಫೋಟೋದಲ್ಲಿ ಕಾಣುವುದೂ ಕಷ್ಟ.

ಹಾಗಾದರೆ ಉತ್ತರದಲ್ಲಿ ಏನಿರಬೇಕು? ನನ್ನ ಪ್ರಕಾರ ಮೊದಲ ಸಾಲೇ ನಿಜ ಹೇಳಬೇಕು: ಇದು ಯಂತ್ರದ ಉತ್ತರ, ಫೋಟೋ ಇನ್ನೂ ಯಾರೂ ನೋಡಿಲ್ಲ. ಎರಡನೆಯದು, ಯಾರು, ಎಷ್ಟು ಗಂಟೆಗೆ ನೋಡುತ್ತಾರೆ ಎಂಬುದು. ‘ಶೀಘ್ರದಲ್ಲೇ’ ಅನ್ನುವುದು ಹೊತ್ತಲ್ಲ. ಮೂರನೆಯದು, ಅಷ್ಟರೊಳಗೆ ರೈತ ಏನು ಮಾಡಬಹುದು ಎಂಬುದು. ಎಲ್ಲ ಸೇರಿದರೆ ಹೀಗಾಗುತ್ತದೆ:

‘ಇದು ತಾನಾಗೇ ಬಂದ ಉತ್ತರ. ಫೋಟೋ ಕಳಿಸಿದ್ದರೆ ಅದನ್ನು ಇನ್ನೂ ಯಾರೂ ನೋಡಿಲ್ಲ. ನಾಳೆ 10 ಗಂಟೆಯೊಳಗೆ ಅಂಗಡಿಯವರೇ ನೋಡಿ ಫೋನ್ ಮಾಡುತ್ತಾರೆ. ಮತ್ತೆ ಕಳಿಸುವುದು ಬೇಡ. ಯಾವ ಬೆಳೆ, ಎಷ್ಟು ದಿನದ್ದು, ಎಲೆ ಮೇಲಕ್ಕೆ ಮುಟುರಿದೆಯೋ ಕೆಳಕ್ಕೋ, ಈ ಮೊದಲು ಏನು ಹೊಡೆದಿದ್ದೀರಿ ಎಂದು ಬರೆದಿಡಿ. ಔಷಧಿ ಯಾರದಾದರೂ ಹೊಟ್ಟೆಗೆ ಹೋಗಿದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.’

ಕೊನೆಯ ಸಾಲು ಅತಿ ಎನಿಸಬಹುದು. ಆದರೆ ಔಷಧಿ ಬಾಟಲಿಯ ಫೋಟೋ ಬಂದಾಗ, ಅದೇ ಔಷಧಿ ಬೇಕೆಂದು ಕಳಿಸಿದ್ದಾರೋ, ಮನೆಯಲ್ಲಿ ಅನಾಹುತವಾಗಿದೆಯೋ ಯಂತ್ರಕ್ಕೆ ಗೊತ್ತಾಗದು. ಅದೇ ಕಾರಣಕ್ಕೆ ಈ ಉತ್ತರದಲ್ಲಿ ಯಾವ ಔಷಧಿಯ ಹೆಸರೂ ಇರಬಾರದು. ನೋಡದ ಬೆಳೆಗೆ ಬರೆದ ಔಷಧಿ ಅದು.

‘ಯಾರೂ ನೋಡಿಲ್ಲ ಅಂತ ಬರೆದರೆ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾನೆ’ ಎಂಬುದು ಅಂಗಡಿಯವರ ವಾದ. ಒಬ್ಬಿಬ್ಬರು ಹೋಗಬಹುದು, ನಿಜ. ಆದರೆ ಕಾದು ಬೆಳೆ ಕಳೆದುಕೊಂಡವನು ಮತ್ತೆ ಬರುವುದೇ ಇಲ್ಲ, ನಾಲ್ಕು ಜನಕ್ಕೆ ಹೇಳದೆಯೂ ಇರುವುದಿಲ್ಲ.

ಇನ್ನು ಈ ಉತ್ತರವನ್ನು ಎಲ್ಲಿ ಹಾಕಬೇಕು ಎಂಬುದೂ ಮುಖ್ಯ. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ Greeting message ಹೋಗುವುದು ಮೊದಲ ಸಲ ಬರೆದವರಿಗೆ, ಇಲ್ಲವೇ 14 ದಿನ ಮಾತಿಲ್ಲದೆ ಮತ್ತೆ ಬರೆದವರಿಗೆ ಮಾತ್ರ. ವಾರಕ್ಕೊಮ್ಮೆ ಬರೆಯುವ ಖಾಯಂ ಗಿರಾಕಿಗೆ ಅದು ಕಾಣುವುದೇ ಇಲ್ಲ. ಹಾಗಾಗಿ ಇದನ್ನು Away messageನಲ್ಲಿ ಹಾಕಬೇಕು. ಅದು ಫೋಟೋ ಯಾವುದು, ಬರಹ ಯಾವುದು ಎಂದು ನೋಡುವುದಿಲ್ಲ. ಅದಕ್ಕೇ ‘ಫೋಟೋ ಕಳಿಸಿದ್ದರೆ’ ಎಂದು ಬರೆದದ್ದು.

ದುಡ್ಡು ಕೊಟ್ಟು ಬಾಟ್ ಮಾಡಿಸಿದ ಅಂಗಡಿಗಳಿಗೆ ಈ ಕಷ್ಟವಿಲ್ಲ. ಬಂದದ್ದು ಫೋಟೋ ಎಂದು ಬಾಟ್‌ಗೆ ತಿಳಿಯುತ್ತದೆ, ಬೇರೆ ಉತ್ತರ ಕೊಡಿಸಬಹುದು. ಹಾಗೆ ಮಾಡಿಸದಿದ್ದರೆ ಎಲೆ ಕಳಿಸಿದವನಿಗೆ ‘ಅರ್ಥವಾಗಲಿಲ್ಲ, 1 ಅಥವಾ 2 ಒತ್ತಿ’ ಎಂದು ಬರುತ್ತದೆ. ನಾಲ್ಕು ಫೋಟೋ ಕಳಿಸಿದರೆ ನಾಲ್ಕು ಸಲ! ಒಂದೇ ಸಲ ಉತ್ತರ ಹೋಗುವಂತೆ, ಫೋಟೋದ ಕೆಳಗೆ ಬರೆದದ್ದನ್ನೂ ಓದುವಂತೆ ಮಾಡಿಕೊಡಿ ಎಂದು ಬಾಟ್ ಮಾಡಿದವರನ್ನು ಕೇಳಬೇಕು.

ಉತ್ತರ ಸರಿಯಿದೆಯೋ ಇಲ್ಲವೋ ತಿಳಿಯುವುದು ಸುಲಭ. ಒಂದು ವಾರದ ಚಾಟ್ ತೆರೆದು ನೋಡಿ. ಉತ್ತರ ಹೋದ ಮೇಲೂ ಅದೇ ಫೋಟೋ ಮತ್ತೆ ಬಂದಿದ್ದರೆ, ಬರೀ ‘?’ ಬಂದಿದ್ದರೆ, ಅದು ಅರ್ಥವಾಗಿಲ್ಲ ಎಂದೇ ಲೆಕ್ಕ. ಹಾಗೆಯೇ, 10 ಗಂಟೆ ಎಂದು ಬರೆದ ಮೇಲೆ 10ಕ್ಕೆ ಯಾರಾದರೂ ಫೋನ್ ಕೈಗೆತ್ತಿಕೊಳ್ಳಲೇಬೇಕು. ಅದು ಆಗದು ಎನ್ನುವ ಅಂಗಡಿಯವರು ‘ಫೋಟೋ ನೋಡುವುದಿಲ್ಲ, ರೋಗ ಬಂದ ರೆಂಬೆಯನ್ನು ಕವರ್‌ನಲ್ಲಿ ಹಾಕಿ ಅಂಗಡಿಗೆ ತನ್ನಿ’ ಎಂದು ನೇರವಾಗಿ ಬರೆಯಲಿ. ರೈತನಿಗೆ ಅದೂ ಉಪಕಾರವೇ.